ಗೆಳತಿಗೆ ಲಿಂಫೋಮಾ ಅಂತ ಗೊತ್ತಾಗಿದೆ, ಶನಿವಾರ ಭೇಟಿಯಾಗಬೇಕು. ಏನು ಮಾತಾಡಲಿ?

ಮಳೆಹನಿ

ನಿನ್ನೆ ರಾತ್ರಿ ನನ್ನ ಹಳೆಯ ಗೆಳತಿಯ ಮೆಸೇಜ್ ಬಂತು. "ಬಯಾಪ್ಸಿ ರಿಪೋರ್ಟ್ ಬಂತು ಕಣೇ. ಲಿಂಫೋಮಾ ಅಂತೆ. ಇನ್ನೊಂದು ಸ್ಕ್ಯಾನ್ ಇದೆ, ಆಮೇಲೆ ಕೀಮೋ. ಯಾರಿಗೂ ಹೇಳ್ಬೇಡ, ಅಮ್ಮನಿಗೂ ಇನ್ನೂ ಹೇಳಿಲ್ಲ." ಅಷ್ಟೇ.

ನಾನು ಏನೇನೋ ಟೈಪ್ ಮಾಡಿ ಅಳಿಸಿದೆ. "ಅಯ್ಯೋ ದೇವರೇ, ನಿನಗ್ಯಾಕೆ ಹೀಗಾಯ್ತು" ಅಂತ ಬರೆದೆ, ಅದು ನನ್ನ ಗೋಳಿನ ಥರ ಕಾಣಿಸಿತು. "ಏನೂ ಆಗಲ್ಲ, ನೀನು ಗಟ್ಟಿಗಿತ್ತಿ" ಅಂತ ಬರೆದೆ, ಏನೂ ಆಗಲ್ಲ ಅಂತ ಹೇಳೋಕೆ ನಾನು ಯಾರು ಅನ್ನಿಸಿತು. "ಯಾವ ಸ್ಟೇಜ್?" ಅಂತಲೂ ಬರೆದು ಅಳಿಸಿದೆ. ಕೊನೆಗೆ "ಓದಿದೆ ಕಣೇ. ಈಗ ಕಾಲ್ ಮಾಡ್ಲಾ?" ಅಂತಷ್ಟೇ ಕಳಿಸಿದೆ. ಈಗ ಬೇಡ, ಶನಿವಾರ ಸಂಜೆ ಮನೆಗೆ ಬಾ ಅಂದಳು.

ಆಸ್ಪತ್ರೆ, ಚಿಕಿತ್ಸೆ ಎಲ್ಲ ಅವಳೂ ಅವಳ ಗಂಡನೂ ನೋಡಿಕೊಂಡಿದ್ದಾರೆ. ನನ್ನ ಪ್ರಶ್ನೆ ಅದಲ್ಲ. ಶನಿವಾರ ಅವಳ ಎದುರು ಕೂತಾಗ ಏನು ಹೇಳಬೇಕು, ಏನು ಹೇಳಬಾರದು? ಬಾಯಿ ತಪ್ಪಿ ಏನಾದರೂ ಅಂದು ಅವಳನ್ನು ಇನ್ನಷ್ಟು ಕುಗ್ಗಿಸಿಬಿಟ್ಟರೆ ಅನ್ನುವ ಭಯ. ಅಲ್ಲೇ ಅತ್ತುಬಿಟ್ಟರೆ ಅನ್ನುವುದು ಇನ್ನೊಂದು ಭಯ. ಇಂಥದ್ದನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಗಿರೀಶ್_ಎನ್

ಮೊದಲು ನೀವು ಧೈರ್ಯವಾಗಿರಿ. ನೀವು ಅತ್ತರೆ ಅವರು ಮುಗಿದೇ ಹೋಗುತ್ತಾರೆ. ನಗುನಗುತ್ತಾ ಹೋಗಿ, ಹಳೆಯ ವಿಷಯ ಮಾತಾಡಿ, ಕಾಯಿಲೆಯ ಮಾತು ಎತ್ತಲೇಬೇಡಿ. ಮನಸ್ಸು ಪಾಸಿಟಿವ್ ಆಗಿದ್ದರೆ ಅರ್ಧ ಕಾಯಿಲೆ ವಾಸಿಯಾದ ಹಾಗೆ. "ನೀನು ಇದನ್ನ ಗೆದ್ದೇ ಗೆಲ್ತೀಯ" ಅಂತ ಹೇಳಿ. ಇಂಥ ಹೊತ್ತಲ್ಲಿ ನಂಬಿಕೆ ತುಂಬುವುದೇ ಗೆಳೆತನ. ಇನ್ನೊಂದು ವಿಷಯ, ಹೋಗಬೇಕೋ ಬೇಡವೋ ಅಂತ ಯೋಚಿಸಬೇಡಿ, ಹೋಗಲೇಬೇಕು. ಹೇಗೆ ಮಾತಾಡೋದು ಅಂತ ಹೆದರಿ ದೂರ ಉಳಿಯುವವರೇ ಜಾಸ್ತಿ.

ಕೃಷ್ಣಪ್ರಸಾದ್

ಮೇಡಂ, ಬಯಾಪ್ಸಿ ಸ್ಲೈಡನ್ನು ಇನ್ನೊಂದು ಲ್ಯಾಬಿನಲ್ಲಿ ತೋರಿಸಿದ್ದಾರಾ? ನಮ್ಮ ಚಿಕ್ಕಪ್ಪನಿಗೆ ಮೊದಲು ಒಂದು ಹೇಳಿದರು, ಆಮೇಲೆ ಇನ್ನೊಂದು ಅಂದರು. ಅವರಿಗೆ ಕುತ್ತಿಗೆಯಲ್ಲಿ ಗಂಟು ಬಂದಿತ್ತು. ಎರಡನೇ ಡಾಕ್ಟರ ಅಭಿಪ್ರಾಯ ಇಲ್ಲದೆ ಕೀಮೋ ಶುರು ಮಾಡಬೇಡಿ ಅಂತ ಅವರಿಗೆ ಹೇಳಿ. ರಿಪೋರ್ಟ್ ಇಲ್ಲಿ ಹಾಕಿದರೆ ನೋಡಬಹುದು.

ಮಳೆಹನಿ

ಕೃಷ್ಣಪ್ರಸಾದ್ ಅವರೇ, ಕಾಳಜಿಗೆ ಧನ್ಯವಾದ. ರಿಪೋರ್ಟ್ ನನ್ನ ಹತ್ತಿರ ಇಲ್ಲ. ಇದ್ದರೂ ಅದು ಅವಳದ್ದು, ಹಾಕುವುದಿಲ್ಲ. ಮಾತಿನ ಬಗ್ಗೆ ಗೊತ್ತಿದ್ದರೆ ಹೇಳಿ.

ನೈಟ್‌ಡ್ಯೂಟಿ

ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ತುಂಬಾ ವರ್ಷಗಳಿಂದ ಕೀಮೋ ಹಾಕುವ ವಿಭಾಗದಲ್ಲೇ ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನೀವು ಕಳಿಸಿದ ಮೆಸೇಜ್ ಚೆನ್ನಾಗಿತ್ತು. ಓದಿದ್ದೀರಿ ಅಂತ ಅವರಿಗೆ ಗೊತ್ತಾಯಿತು, ಮಾತಾಡಬೇಕಾ ಬೇಡವಾ ಅನ್ನುವ ತೀರ್ಮಾನ ಅವರಿಗೇ ಬಿಟ್ಟಿರಿ. ಶನಿವಾರವೂ ಅದನ್ನೇ ಮಾಡಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಒಳಗೆ ಹೋಗಿ ಕೂತ ಮೇಲೆ ನೇರವಾಗಿ ಕೇಳಿ: "ಇವತ್ತು ಅದರ ಬಗ್ಗೆ ಮಾತಾಡೋಣ ಅನ್ನಿಸ್ತಿದೆಯಾ, ಇಲ್ಲ ಬೇರೆ ಏನಾದ್ರೂ ಮಾತಾಡೋಣ್ವಾ? ನನಗೆ ಎರಡೂ ಸರಿ." ಗಿರೀಶ್ ಅವರು ಹೇಳಿದ ಹಾಗೆ ಕಾಯಿಲೆಯ ಮಾತನ್ನೇ ಎತ್ತದೆ ಇದ್ದರೆ ಏನಾಗುತ್ತದೆ ಗೊತ್ತಾ? ಅವರೂ ಎತ್ತುವುದಿಲ್ಲ. ಬಂದವರಿಗೆ ಬೇಜಾರು ಮಾಡಬಾರದು ಅಂತ ನಗುತ್ತಾ ಕೂರುತ್ತಾರೆ. ನೀವು ಎದ್ದುಹೋದ ಮೇಲೆ ಸುಸ್ತಾಗುತ್ತಾರೆ. ಮೂರು ಜನ ನೆಂಟರು ಬಂದುಹೋದ ಮೇಲೆ ರೋಗಿಯ ಮುಖ ಹೇಗಿರುತ್ತದೆ ಅಂತ ನಾವು ವಾರ್ಡಿನಲ್ಲಿ ದಿನಾ ನೋಡುತ್ತೇವೆ.

ನೀವು ಅಳಿಸಿದ ಮೂರು ವಾಕ್ಯಗಳ ಬಗ್ಗೆ ಹೇಳುತ್ತೇನೆ. "ನೀನು ಗಟ್ಟಿಗಿತ್ತಿ" ಅನ್ನುವುದು ಹೊಗಳಿಕೆ ಥರ ಕೇಳಿಸುತ್ತದೆ, ಆದರೆ ಅದನ್ನು ಕೇಳಿದ ಮೇಲೆ ಅವರು ನಿಮ್ಮ ಎದುರು ಅಳುವ ಹಾಗಿಲ್ಲ. ಗಟ್ಟಿಗಿತ್ತಿಯಾಗಿಯೇ ಇರಬೇಕಾಗುತ್ತದೆ. "ಏನೂ ಆಗಲ್ಲ" ಅಂದರೆ ಅವರ ಭಯ ಸುಳ್ಳು ಅಂದ ಹಾಗೆ. ಆ ಭಯವನ್ನು ಆಮೇಲೆ ನಿಮ್ಮ ಹತ್ತಿರ ಹೇಳಿಕೊಳ್ಳುವುದಿಲ್ಲ. ಇನ್ನು ಸ್ಟೇಜ್. ಅವರೇ ಬರೆದಿದ್ದಾರಲ್ಲ, ಇನ್ನೊಂದು ಸ್ಕ್ಯಾನ್ ಇದೆ ಅಂತ. ಲಿಂಫೋಮಾದಲ್ಲಿ ಸ್ಟೇಜ್ ಗೊತ್ತಾಗುವುದೇ ಆ ಸ್ಕ್ಯಾನಿನಿಂದ, ಸಾಮಾನ್ಯವಾಗಿ ಪೆಟ್ ಸ್ಕ್ಯಾನ್ ಮಾಡುತ್ತಾರೆ. ಈಗ ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ಗೊತ್ತಾದ ಮೇಲೂ ಆ ಸಂಖ್ಯೆಯಿಂದ ನಿಮಗೆ ಏನೂ ತಿಳಿಯುವುದಿಲ್ಲ. ಲಿಂಫೋಮಾದಲ್ಲಿ 60ಕ್ಕೂ ಹೆಚ್ಚು ಬಗೆ ಇದೆ. ಕೆಲವು ಬಗೆಗಳಲ್ಲಿ ನಾಲ್ಕನೇ ಸ್ಟೇಜ್ ಅಂದರೂ ಪೂರ್ತಿ ಗುಣವಾದವರು ಇದ್ದಾರೆ. ಬೇರೆ ಕ್ಯಾನ್ಸರಿನ ನಾಲ್ಕನೇ ಸ್ಟೇಜ್ ತಲೆಯಲ್ಲಿಟ್ಟುಕೊಂಡು ನಿಮ್ಮ ಮುಖ ಬಾಡಿದರೆ ಅವರು ಅದನ್ನು ಓದಿಬಿಡುತ್ತಾರೆ. ಇದೇ ಕಾರಣಕ್ಕೆ "ನಮ್ಮ ಚಿಕ್ಕಪ್ಪನಿಗೂ" ಅನ್ನುವ ಕಥೆಗಳನ್ನೂ ಬಿಡಿ. ಒಳ್ಳೆಯದಾದ ಕಥೆಯನ್ನೂ ಬಿಡಿ.

ಹಾಗಾದರೆ ಏನು ಹೇಳಬೇಕು? "ಇದನ್ನ ಕೇಳಿ ನನಗೆ ತುಂಬಾ ಬೇಜಾರಾಯ್ತು. ಏನು ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ. ಆದ್ರೆ ನಾನು ಇಲ್ಲೇ ಇರ್ತೀನಿ." ಇಷ್ಟು ಸಾಕು. ನಿಜವಾಗಿಯೂ ಇಷ್ಟು ಸಾಕು. ಆಮೇಲೆ ಸುಮ್ನೆ ಇರಿ. ಅವರು ಸುಮ್ಮನಾದಾಗ ನೀವು ತುಂಬಿಸಲು ಹೋಗಬೇಡಿ. ಆ ಮೌನ ನಿಮಗೆ ತುಂಬಾ ಉದ್ದ ಅನ್ನಿಸುತ್ತದೆ, ಅವರಿಗೆ ಹಾಗಿರುವುದಿಲ್ಲ. ಅವರು ಮುಂದಿನ ಮಾತು ಹುಡುಕುತ್ತಿರುತ್ತಾರೆ. ಸಾಮಾನ್ಯವಾಗಿ ಆ ಮೌನದ ನಂತರವೇ ನಿಜವಾದ ವಿಷಯ ಹೊರಗೆ ಬರುವುದು.

ಗಿರೀಶ್_ಎನ್

ಸಿಸ್ಟರ್, ನಿಮ್ಮ ಅನುಭವದ ಮುಂದೆ ನಾನು ದೊಡ್ಡವನಲ್ಲ. ಆದರೆ ಪಾಸಿಟಿವ್ ಆಗಿರುವುದರಿಂದ ದೇಹಕ್ಕೆ ಒಳ್ಳೆಯದು ಅನ್ನುವುದನ್ನು ಡಾಕ್ಟರುಗಳೇ ಹೇಳುತ್ತಾರಲ್ಲ? ಮನಸ್ಸು ಕುಗ್ಗಿದವರು ಬೇಗ ಹೋಗಿಬಿಡುತ್ತಾರೆ ಅಂತ ನಾನು ಕೇಳಿದ್ದೇನೆ.

ವನಜಾ_ಟೀಚರ್

ಗಿರೀಶ್, ಈ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಜೇಮ್ಸ್ ಕಾಯ್ನ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಜನರ ಮಾಹಿತಿ ನೋಡಿ 2007ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ಶುರುವಿನಲ್ಲಿ ಮನಸ್ಸು ಹೇಗಿತ್ತು ಅನ್ನುವುದಕ್ಕೂ ಅವರು ಎಷ್ಟು ಕಾಲ ಬದುಕಿದರು ಅನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ಒಂದೇ ಅಧ್ಯಯನದಿಂದ ಎಲ್ಲ ಕ್ಯಾನ್ಸರಿಗೂ ತೀರ್ಪು ಕೊಡಲಾಗದು, ಒಪ್ಪುತ್ತೇನೆ. ಖಿನ್ನತೆಗೆ ಚಿಕಿತ್ಸೆ ಬೇಡ ಅಂತಲೂ ಅಲ್ಲ. ಖಿನ್ನತೆ ಇದ್ದರೆ ಊಟ, ನಿದ್ದೆ, ಮಾತ್ರೆ ಎಲ್ಲ ತಪ್ಪುತ್ತದೆ, ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಆದರೆ "ನೀನು ಪಾಸಿಟಿವ್ ಆಗಿದ್ದರೆ ಗೆಲ್ತೀಯ" ಅನ್ನುವ ಮಾತಿನ ಇನ್ನೊಂದು ಮುಖ ನೋಡಿ. ಚಿಕಿತ್ಸೆ ಫಲಿಸದಿದ್ದರೆ ಏನು, ಅವರು ಸಾಕಷ್ಟು ಪಾಸಿಟಿವ್ ಆಗಿರಲಿಲ್ಲ ಅಂತಲೇ? ಕಾಯಿಲೆಯ ಜೊತೆಗೆ ಆ ಹೊಣೆಯನ್ನೂ ಹೊರಿಸಿದ ಹಾಗಾಗುತ್ತದೆ. ನಿಮ್ಮ ಮೊದಲ ಮಾತಿನಲ್ಲಿ ಒಂದು ಮಾತ್ರ ನೂರಕ್ಕೆ ನೂರು ಸರಿ, ಹೋಗಲೇಬೇಕು ಅಂದಿರಲ್ಲ, ಅದು.

ಬೇವಿನಮರ

ನನಗೆ ಲಿಂಫೋಮಾ ಆಗಿತ್ತು. ಚಿಕಿತ್ಸೆ ಮುಗಿದು ವರ್ಷಗಳಾಗಿವೆ. ಸಿಸ್ಟರ್ ಹೇಳಿದ್ದು ನಿಜ. ಆದರೆ ಒಂದು ಸೇರಿಸುತ್ತೇನೆ.

ನೀವೆಲ್ಲ ತಪ್ಪು ಮಾತಿನ ಬಗ್ಗೆ ಇಷ್ಟು ಹೆದರುತ್ತೀರಿ. ನನ್ನ ಎದುರು ಜನ ಎಂಥೆಂಥದೋ ಮಾತಾಡಿದರು. "ಸದ್ಯ, ಬೇಗ ಗೊತ್ತಾಯ್ತಲ್ಲ" ಅಂದರು. "ಏನು ತಿಂತಿದ್ರಿ ಹಿಂಗಾಗೋಕೆ" ಅಂತಲೂ ಕೇಳಿದರು. ಅವತ್ತು ಸಿಟ್ಟು ಬಂತು, ಆದರೆ ಆ ಮಾತುಗಳಲ್ಲಿ ಎಷ್ಟೋ ಈಗ ನೆನಪೂ ಇಲ್ಲ. ನೆನಪಿರುವುದು ಬಾರದೇ ಹೋದವರು. ತುಂಬಾ ಹತ್ತಿರದ ಇಬ್ಬರು ಗೆಳತಿಯರು ಪೂರ್ತಿ ಮಾಯವಾದರು. ಒಬ್ಬಳು ಆಮೇಲೆ ಹೇಳಿದಳು, ಏನು ಹೇಳಬೇಕೋ ಗೊತ್ತಾಗದೆ ಫೋನ್ ಮಾಡಲಿಲ್ಲ ಅಂತ. ತಪ್ಪು ಮಾತಾಡಿದವಳ ಜೊತೆ ಇವತ್ತಿಗೂ ಮಾತಿದೆ. ಇವಳ ಜೊತೆ ಇಲ್ಲ.

ಇನ್ನು ಅಳುವುದು. ನನ್ನ ಅಕ್ಕನಂಥ ಗೆಳತಿ ಒಬ್ಬಳು ನನ್ನ ಎದುರೇ ಅತ್ತಳು. ನನಗೆ ಹಗುರಾಯಿತು. ಯಾರೋ ಒಬ್ಬರಿಗಾದರೂ ಇದು ದೊಡ್ಡ ವಿಷಯ ಅನ್ನಿಸಿದೆಯಲ್ಲ ಅಂತ. ಇನ್ನೊಬ್ಬರು ಬಂದು ಎಷ್ಟು ಅತ್ತರು ಅಂದರೆ ನಾನೇ ಎದ್ದು ನೀರು ತಂದುಕೊಟ್ಟು ಬೆನ್ನು ಸವರಿ ಸಮಾಧಾನ ಮಾಡಿದೆ. ನೀವು ಅತ್ತರೂ ಪರವಾಗಿಲ್ಲ, ಅವಳು ನಿಮ್ಮನ್ನು ಸಮಾಧಾನ ಮಾಡುವ ಹಾಗಾಗಬಾರದು, ಅಷ್ಟೇ.

ಹಳೇಸೈಕಲ್ಲು

ನನ್ನ ವಿಷಯ ಸ್ವಲ್ಪ ಬೇರೆ. ನನ್ನ ಗೆಳೆಯನಿಗೆ ಕ್ಯಾನ್ಸರ್ ಅಲ್ಲ, ಮೋಟಾರ್ ನ್ಯೂರಾನ್ ಕಾಯಿಲೆ. ಅದಕ್ಕೆ ಗುಣಪಡಿಸುವ ಮದ್ದಿಲ್ಲ. ಕೈಕಾಲಿನ, ಆಮೇಲೆ ನುಂಗುವ, ಉಸಿರಾಡುವ ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ. "ಬೇಗ ಹುಷಾರಾಗು" ಅಂತ ಹೇಳುವ ಹಾಗೇ ಇಲ್ಲ. ಅವನ ಮಾತು ಈಗ ತೊದಲುತ್ತದೆ, ಜನ ಅವನ ಹೆಂಡತಿಯನ್ನು ನೋಡಿ "ಹೇಗಿದ್ದಾರೆ?" ಅಂತ ಕೇಳುತ್ತಾರೆ, ಅವನು ಅಲ್ಲೇ ಕೂತಿರುತ್ತಾನೆ. ಎಲ್ಲ ಅರ್ಥವಾಗುತ್ತದೆ ಅವನಿಗೆ. ನೋಡಿದರೆ ನನಗೆ ಸಂಕಟವಾಗುತ್ತದೆ. ನಾನು ಅವನನ್ನೇ ಕೇಳುತ್ತೇನೆ, ಅವನು ಮುಗಿಸುವ ತನಕ ಕಾಯುತ್ತೇನೆ, ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳು ಅನ್ನುತ್ತೇನೆ. ಅರ್ಥವಾದ ಹಾಗೆ ತಲೆ ಆಡಿಸುವುದಿಲ್ಲ.

ನನ್ನ ಪ್ರಶ್ನೆ, ಗುಣವಾಗದ ಕಾಯಿಲೆಯಲ್ಲಿ ಮುಂದಿನ ವರ್ಷದ ಮಾತು ಎತ್ತಬಹುದಾ? ಮೊನ್ನೆ ಅವನೇ ಮುಂದಿನ ವರ್ಷ ಎಲ್ಲಿಗಾದರೂ ಹೋಗೋಣ ಅಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ನೈಟ್‌ಡ್ಯೂಟಿ

@ಹಳೇಸೈಕಲ್ಲು, ಅವರೇ ಎತ್ತಿದ್ದಾರಲ್ಲ, ಹಾಗಾದರೆ ನೀವೂ ಜೊತೆಗೆ ಹೋಗಿ. "ಎಲ್ಲಿಗೆ ಹೋಗ್ಬೇಕು ಅನ್ನಿಸಿದೆ?" ಅಂತ ಕೇಳಿ. ಅವರಿಗೆ ತಮ್ಮ ಕಾಯಿಲೆ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ. ಗೊತ್ತಿದ್ದೂ ಆಸೆ ಇಟ್ಟುಕೊಳ್ಳುತ್ತಾರೆ. ನೀವು ಅದನ್ನು ತಿದ್ದುವುದೂ ಬೇಡ, ಸುಳ್ಳು ಸೇರಿಸುವುದೂ ಬೇಡ. "ಹೋಗೋಕಾದ್ರೆ ಎಷ್ಟು ಚೆನ್ನಾಗಿರುತ್ತೆ" ಅಂದರೆ ಅದರಲ್ಲಿ ಸುಳ್ಳಿಲ್ಲ. ಮುಂದಿನ ವರ್ಷ ಅನ್ನುವುದನ್ನು ಈ ತಿಂಗಳಿಗೆ ಎಳೆದುಕೊಳ್ಳಲು ಆಗುತ್ತಾ ಅಂತಲೂ ಅವರನ್ನೇ ಕೇಳಿ ನೋಡಿ.

ವನಜಾ_ಟೀಚರ್

ಮಳೆಹನಿ, ಯಾರ ಹತ್ತಿರ ಅಳಬೇಕು ಅನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ. ಸೂಸನ್ ಸಿಲ್ಕ್ ಅನ್ನುವ ಮನಶ್ಶಾಸ್ತ್ರಜ್ಞೆ, ಅವರಿಗೇ ಸ್ತನ ಕ್ಯಾನ್ಸರ್ ಆಗಿತ್ತು, ಬ್ಯಾರಿ ಗೋಲ್ಡ್‌ಮನ್ ಜೊತೆ ಸೇರಿ 2013ರಲ್ಲಿ ಪತ್ರಿಕೆಯಲ್ಲಿ ಬರೆದದ್ದು. ಒಂದು ಸುತ್ತು ಬರೆದು ನಡುವೆ ಕಾಯಿಲೆಯವರ ಹೆಸರು ಹಾಕಿ. ಅದರ ಹೊರಗಿನ ಸುತ್ತಿನಲ್ಲಿ ಗಂಡ ಅಥವಾ ಹೆಂಡತಿ, ಅದರ ಹೊರಗೆ ಅಪ್ಪ ಅಮ್ಮ, ಮಕ್ಕಳು, ತೀರ ಹತ್ತಿರದ ಗೆಳೆಯರು, ಅದರಾಚೆ ಸಹೋದ್ಯೋಗಿಗಳು, ಹೀಗೆ. ನಿಮಗಿಂತ ಒಳಗಿನ ಸುತ್ತಿನವರಿಗೆ ಸಮಾಧಾನ, ಸಹಾಯ ಮಾತ್ರ ಕೊಡಬೇಕು. ನಿಮ್ಮ ಭಯ, ಗೋಳು, ಸಿಟ್ಟು ಎಲ್ಲ ಹೊರಗಿನ ಸುತ್ತಿನವರ ಹತ್ತಿರ ಹೇಳಿಕೊಳ್ಳಬೇಕು. ನಡುವೆ ಇರುವವರು ಯಾರ ಹತ್ತಿರ ಏನು ಬೇಕಾದರೂ ಹೇಳಬಹುದು.

ನಿಮ್ಮ ವಿಷಯದಲ್ಲಿ ತೊಡಕು ಏನಂದರೆ, ಅವಳು ಯಾರಿಗೂ ಹೇಳಬೇಡ ಅಂದಿದ್ದಾಳೆ. ಹಾಗಾಗಿ ಹೊರಗಿನ ಸುತ್ತಿಗೆ ನೀವು ಹೋಗುವ ಹಾಗಿಲ್ಲ. ಈ ಲೆಕ್ಕದಲ್ಲಿ ಅದಕ್ಕೆ ಉತ್ತರ ಇಲ್ಲ. ನೀವು ಹೆಸರಿಲ್ಲದೆ ಇಲ್ಲಿ ಬರೆದಿರಿ, ಅದು ಒಂದು ದಾರಿ. ಶನಿವಾರ ಅವಳನ್ನೇ ಕೇಳಿ, "ನಾನು ನನ್ನ ಗಂಡನ ಹತ್ತಿರ ಮಾತ್ರ ಹೇಳಲಾ? ಬೇಡ ಅಂದ್ರೆ ಹೇಳಲ್ಲ." ಕೇಳದೆ ಮಾತ್ರ ಹೇಳಬೇಡಿ. ಇಂಥ ಸುದ್ದಿ ಸುತ್ತಿ ಬಂದು ಅವಳ ಅಮ್ಮನ ಕಿವಿಗೆ ಬೀಳಲು ಒಂದು ದಿನ ಸಾಕು.

ಮಳೆಹನಿ

ಎಲ್ಲರಿಗೂ ಧನ್ಯವಾದ. ಹೋಗಿ ಬಂದೆ. ಬರೆಯಲೇಬೇಕು ಅನ್ನಿಸಿತು.

ಸಿಸ್ಟರ್ ಹೇಳಿದ ಹಾಗೆ ನೇರವಾಗಿ ಕೇಳಿದೆ. "ಮೊದಲು ಬೇರೆ ಮಾತಾಡೋಣ" ಅಂದಳು. ಹಳೆಯ ಕ್ಲಾಸಿನವರ ಸುದ್ದಿಯೆಲ್ಲ ಮುಗಿಸಿದ ಮೇಲೆ ಅವಳಾಗಿಯೇ ಶುರು ಮಾಡಿದಳು. ಸ್ಕ್ಯಾನ್ ಆಗಿದೆ. ಡಾಕ್ಟರು ಆರು ಸೈಕಲ್ ಕೀಮೋ ಅಂದಿದ್ದಾರೆ, 21 ದಿನಕ್ಕೊಮ್ಮೆ. ಔಷಧಗಳ ಹೆಸರಿನ ಮೊದಲ ಅಕ್ಷರ ಸೇರಿಸಿ ಆರ್-ಚಾಪ್ ಅಂತ ಕರೆಯುತ್ತಾರಂತೆ. ಕೂದಲಿನ ಬಗ್ಗೆ ಹೇಳುವಾಗ ಗಂಟಲು ಕಟ್ಟಿತು. "ಕೂದಲು ಮತ್ತೆ ಬರುತ್ತಲ್ಲ" ಅನ್ನುವ ಮಾತು ನನ್ನ ಬಾಯಿತನಕ ಬಂದಿತ್ತು, ನುಂಗಿಕೊಂಡೆ. "ಅದು ತುಂಬಾ ಕಷ್ಟ ಅನ್ನಿಸ್ತಿದೆ ಅಲ್ವಾ" ಅಂದೆ. ಆಮೇಲೆ ತುಂಬಾ ಹೊತ್ತು ಅವಳೇ ಮಾತಾಡಿದಳು.

ಕೊನೆಗೆ, ನಾನು ಹೊರಡುವ ಹೊತ್ತಿಗೆ, "ನಾನು ಸತ್ತುಹೋಗ್ತೀನಾ ಕಣೇ?" ಅಂತ ಕೇಳಿಬಿಟ್ಟಳು. ನಾನು ಕೈ ಹಿಡಿದುಕೊಂಡೆ. "ನನಗೆ ಗೊತ್ತಿಲ್ಲ ಕಣೇ. ನಿನಗೆ ಆ ಯೋಚನೆ ಯಾವಾಗೆಲ್ಲ ಬರುತ್ತೆ?" ಅಂದೆ. ರಾತ್ರಿ ಅಂದಳು. ಇದು ಸರಿಯಾಯಿತಾ ಅಂತ ತಲೆ ತಿನ್ನುತ್ತಿದೆ. "ಇಲ್ಲ" ಅನ್ನಬೇಕಿತ್ತಾ?

ಇನ್ನೊಂದು, "ಏನಾದ್ರೂ ಬೇಕಿದ್ರೆ ಹೇಳು" ಅಂದೆ, ಸರಿ ಅಂದಳು. ಆದರೆ ಅವಳು ಯಾವತ್ತೂ ಕೇಳುವವಳಲ್ಲ, ನನಗೆ ಗೊತ್ತು.

ಗಿರೀಶ್_ಎನ್

ನನಗೆ ಮನಸ್ಸು ಒಪ್ಪುತ್ತಿಲ್ಲ. ಸಾಯ್ತೀನಾ ಅಂತ ಕೇಳಿದಾಗ "ಗೊತ್ತಿಲ್ಲ" ಅನ್ನುವುದು ಹೇಗೆ? ಒಂದು "ಇಲ್ಲಮ್ಮ" ಅಂದಿದ್ದರೆ ಆ ರಾತ್ರಿ ನಿದ್ದೆ ಮಾಡುತ್ತಿದ್ದರು. ಎಲ್ಲ ಸತ್ಯವನ್ನೂ ಎಲ್ಲ ಹೊತ್ತಿನಲ್ಲೂ ಹೇಳಬೇಕಾ?

ಬೇವಿನಮರ

ನಾನೂ ಅದೇ ಪ್ರಶ್ನೆ ಕೇಳಿದ್ದೆ, ನನ್ನ ತಮ್ಮನ ಹತ್ತಿರ. "ಛೇ, ಏನು ಮಾತು ಅಂತ ಆಡ್ತೀಯ" ಅಂದ. ಮತ್ತೆ ಯಾರ ಹತ್ತಿರವೂ ಕೇಳಲಿಲ್ಲ. ಆದರೆ ಆ ಪ್ರಶ್ನೆ ರಾತ್ರಿ ಬರುವುದೇನೂ ನಿಲ್ಲಲಿಲ್ಲ, ಒಬ್ಬಳೇ ಯೋಚಿಸುತ್ತಿದ್ದೆ. ನಿಮ್ಮ ಗೆಳತಿ ಪುಣ್ಯವಂತೆ.

ನೈಟ್‌ಡ್ಯೂಟಿ

ನನ್ನ ಮಟ್ಟಿಗೆ ನೀವು ಹೇಳಿದ್ದು ಸರಿ. ಉತ್ತರ ಡಾಕ್ಟರಿಗೇ ಪೂರ್ತಿ ಗೊತ್ತಿರುವುದಿಲ್ಲ, ಎರಡು ಮೂರು ಸೈಕಲ್ ಆದ ಮೇಲೆ ಇನ್ನೊಂದು ಸ್ಕ್ಯಾನ್ ಮಾಡಿ ಗಡ್ಡೆ ಎಷ್ಟು ಕರಗಿದೆ ಅಂತ ನೋಡುತ್ತಾರೆ. ಆದರೆ ಗಿರೀಶ್ ಅವರು ಹೇಳುವುದರಲ್ಲೂ ವಿಷಯ ಇದೆ. ಕೆಲವರಿಗೆ ನಿಜವಾಗಿಯೂ ಉತ್ತರ ಬೇಡ, ಯಾರಾದರೂ ಇಲ್ಲ ಅನ್ನಲಿ ಅಂತಲೇ ಕೇಳುತ್ತಾರೆ. ಯಾರು ಯಾವ ಥರ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಅದಕ್ಕೇ ತಿರುಗಿ ಕೇಳುವುದು ಒಳ್ಳೆಯದು, ನೀವು ಕೇಳಿದ ಹಾಗೆ. ಡಾಕ್ಟರು ಏನು ಅಂದರು ಅಂತ ಅವರ ಬಾಯಿಂದಲೇ ಕೇಳಿದರೆ ಅವರಿಗೆ ಎಷ್ಟು ತಿಳಿದಿದೆ, ಎಷ್ಟು ತಿಳಿಯುವ ಮನಸ್ಸಿದೆ ಅಂತ ಗೊತ್ತಾಗುತ್ತದೆ.

"ಬೇಕಿದ್ರೆ ಹೇಳು" ಬಗ್ಗೆ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಏನು ಬೇಕು ಅಂತ ಯೋಚಿಸಿ, ಯಾರನ್ನು ಕೇಳಲಿ ಅಂತ ಲೆಕ್ಕ ಹಾಕಿ, ಸಂಕೋಚ ಬಿಟ್ಟು ಫೋನ್ ಮಾಡುವುದು ಕಾಯಿಲೆಯವರಿಗೆ ಒಂದು ದೊಡ್ಡ ಕೆಲಸ. ನೀವು ಕೆಲಸ, ದಿನ, ಹೊತ್ತು ಮೂರನ್ನೂ ಹೇಳಿ, ಬೇಡ ಅನ್ನಲು ಜಾಗ ಇಡಿ. ಆರ್-ಚಾಪ್ ಅಂದಿದ್ದೀರಿ, ಅದು ನಾವು ದಿನಾ ಹಾಕುವ ಚಿಕಿತ್ಸೆ, ಹಾಗಾಗಿ ಯಾವ ದಿನ ಹೇಗಿರುತ್ತದೆ ಅಂತ ಸುಮಾರಾಗಿ ಹೇಳಬಲ್ಲೆ. ಒಬ್ಬೊಬ್ಬರಿಗೆ ಒಂದೊಂದು ಥರ ಅನ್ನುವುದು ನೆನಪಿರಲಿ.

ಮೊದಲ ದಿನ ತುಂಬಾ ಉದ್ದ. ಅದರಲ್ಲಿರುವ ರಿಟುಕ್ಸಿಮ್ಯಾಬ್ ಅನ್ನುವ ಔಷಧವನ್ನು ಮೊದಲ ಸಲ ತೀರ ನಿಧಾನವಾಗಿ ಹಾಕುತ್ತೇವೆ, ಚಳಿ ಜ್ವರ ಬರುವ ಸಾಧ್ಯತೆ ಇರುತ್ತದೆ ಅಂತ. ಇಡೀ ದಿನ ಹೋಗಬಹುದು. ಗಂಡನಿಗೆ ಮಧ್ಯಾಹ್ನ ಹೊರಗೆ ಹೋಗಬೇಕಾದರೆ ಆ ಹೊತ್ತು ನೀವು ಕೂರಬಹುದು, ಆಸ್ಪತ್ರೆಯವರು ಒಬ್ಬರನ್ನು ಬಿಡುತ್ತಾರಾ ಅಂತ ಮೊದಲೇ ಕೇಳಿ. ಜೊತೆಗೆ ಐದು ದಿನ ಸ್ಟಿರಾಯ್ಡ್ ಮಾತ್ರೆ ಇರುತ್ತದೆ. ಆ ಐದು ದಿನ ಅವರು ಎಷ್ಟೋ ಚೆನ್ನಾಗಿ ಕಾಣಬಹುದು, ರಾತ್ರಿ ನಿದ್ದೆ ಬರದೆ ನಿಮಗೆ ಮೆಸೇಜ್ ಮಾಡಬಹುದು, ಚಿಕ್ಕದಕ್ಕೆ ಸಿಟ್ಟು ಬರಬಹುದು. ಆಗ ನೆಂಟರೆಲ್ಲ ನೋಡಿ "ಪರವಾಗಿಲ್ಲ, ಚೆನ್ನಾಗಿದ್ದಾಳೆ" ಅಂತ ಹೊರಟುಹೋಗುತ್ತಾರೆ. ಮಾತ್ರೆ ನಿಂತ ಮೇಲೆ, ಆರು ಏಳನೇ ದಿನದ ಹೊತ್ತಿಗೆ, ಒಮ್ಮೆಲೇ ಕುಸಿದು ಬೀಳುತ್ತಾರೆ. ಮೈಕೈ ನೋವು, ಸುಸ್ತು, ಮನಸ್ಸೂ ಕೆಳಗೆ. ಯಾರೂ ಇಲ್ಲದ ಹೊತ್ತು ಅದೇ. ನೀವು ಆ ದಿನವನ್ನು ಹಿಡಿದುಕೊಳ್ಳಿ. "ಕೀಮೋ ಆಗಿ ಆರನೇ ದಿನ ಸಂಜೆ ನಿನ್ನ ಮಗಳನ್ನ ನಾನು ಟ್ಯೂಶನ್‌ನಿಂದ ಕರ್ಕೊಂಡು ಬರ್ತೀನಿ, ನೀನು ಎದ್ದು ಬಾಗಿಲು ತೆಗೆಯೋದೂ ಬೇಡ" ಅನ್ನುವ ಥರ.

ಅದಾದ ಮೇಲೆ, ಸುಮಾರು ಏಳರಿಂದ ಹದಿನಾಲ್ಕನೇ ದಿನದ ನಡುವೆ ರಕ್ತದ ಬಿಳಿ ಕಣ ತೀರ ಕಡಿಮೆಯಾಗುತ್ತದೆ. ನಿಮಗೆ ನೆಗಡಿ, ಕೆಮ್ಮು, ಗಂಟಲು ಕೆರೆತ ಏನೇ ಇದ್ದರೂ ಹೋಗಬೇಡಿ, ಫೋನ್ ಮಾಡಿ. ಹೋದರೆ ಮೊದಲು ಕೈ ತೊಳೆಯಿರಿ. ಆ ಹೊತ್ತಲ್ಲಿ ಅವರಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ಮನೆಯಲ್ಲೇ ಜ್ವರದ ಮಾತ್ರೆ ಕೊಟ್ಟು ನೋಡುವ ಹಾಗೂ ಇಲ್ಲ, ತಕ್ಷಣ ಆಸ್ಪತ್ರೆಗೆ. ನಡುರಾತ್ರಿ ಕಾರು ತರಲು ನೀವು ತಯಾರಿದ್ದರೆ ಅದನ್ನು ಈಗಲೇ ಗಂಡನಿಗೆ ಹೇಳಿಡಿ. ಇದಕ್ಕಿಂತ ಒಳ್ಳೆಯ ಸಮಾಧಾನದ ಮಾತು ನನಗೆ ಗೊತ್ತಿಲ್ಲ.

ಬೇವಿನಮರ

ಆರನೇ ದಿನದ ವಿಷಯ ಓದಿ ಕಣ್ಣು ತುಂಬಿತು. ನಿಜ.

ಕೆಲವು ಸಣ್ಣ ವಿಷಯ. ಪರಿಮಳದ ಸೋಪು, ಸೆಂಟು ಹಾಕಿಕೊಂಡು ಹೋಗಬೇಡಿ, ವಾಸನೆಗೇ ಹೊಟ್ಟೆ ತೊಳೆಸುತ್ತದೆ. ಅಡುಗೆ ಮಾಡಿ ಒಯ್ಯುವ ಮೊದಲು ಏನು ಸೇರುತ್ತದೆ ಅಂತ ಕೇಳಿ, ನಾಲಿಗೆಗೆ ಎಲ್ಲವೂ ಲೋಹದ ಥರ ಅನ್ನಿಸುವ ದಿನಗಳಿರುತ್ತವೆ. ಕೆಲವು ಸೈಕಲ್ ಆದ ಮೇಲೆ ನನ್ನ ಬೆರಳ ತುದಿ ಮರಗಟ್ಟುತ್ತಿತ್ತು, ಅದೂ ಆ ಔಷಧಗಳಲ್ಲಿ ಒಂದರಿಂದಲೇ. ಗುಂಡಿ ಹಾಕಲು, ಡಬ್ಬಿ ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ. ಒಬ್ಬಳು ಗೆಳತಿ ಬಂದಾಗಲೆಲ್ಲ ಏನೂ ಕೇಳದೆ ಮಾತ್ರೆಯ ಡಬ್ಬಿಗಳ ಮುಚ್ಚಳ ಸಡಿಲ ಮಾಡಿ ಇಟ್ಟುಹೋಗುತ್ತಿದ್ದಳು. ಮೆಸೇಜ್ ಮಾಡುವಾಗ "ಉತ್ತರ ಬರೀಬೇಕಂತಿಲ್ಲ" ಅಂತ ಕೊನೆಗೆ ಸೇರಿಸಿ. ಉತ್ತರ ಬಾರದಿದ್ದರೆ ಬೇಜಾರು ಮಾಡಿಕೊಂಡು ಬರೆಯುವುದನ್ನು ನಿಲ್ಲಿಸಬೇಡಿ.

ಕೊನೆಯ ಸೈಕಲ್ ಮುಗಿದ ದಿನವೂ ಜಾಗ್ರತೆ. ಎಲ್ಲರೂ "ಮುಗೀತಲ್ಲ, ಇನ್ನು ಆರಾಮು" ಅಂತ ಸಂಭ್ರಮಪಟ್ಟರು. ನನಗೆ ಭಯ ಶುರುವಾದದ್ದೇ ಆಗ. ಆಸ್ಪತ್ರೆಗೆ ಹೋಗುವುದು ನಿಂತಿತು, ನೋಡಿಕೊಳ್ಳುವವರು ಯಾರೂ ಇಲ್ಲ ಅನ್ನಿಸಿತು. ಪ್ರತಿ ಸ್ಕ್ಯಾನಿನ ಹಿಂದಿನ ವಾರ ನಿದ್ದೆ ಇಲ್ಲ. ಆ ದಿನಾಂಕಗಳನ್ನು ಕೇಳಿ ಬರೆದಿಟ್ಟುಕೊಂಡು ಹಿಂದಿನ ದಿನ ಒಂದು ಮೆಸೇಜ್ ಮಾಡಿ.

ಕೃಷ್ಣಪ್ರಸಾದ್

ನಾನು ಮೊದಲು ಪ್ರಶ್ನೆಯನ್ನು ಬೇರೆ ಥರ ತಿಳಿದುಕೊಂಡೆ. ಈಗ ಒಂದು ಕೇಳಬೇಕು. ಚಿಕ್ಕಪ್ಪನ ಮಗ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾನೆ. ನಾನು ಹೋದಾಗಲೆಲ್ಲ ಚಿಕಿತ್ಸೆಯ ಬಗ್ಗೆ ಓದಿದ್ದನ್ನೆಲ್ಲ ಹೇಳುತ್ತಿದ್ದೆ, ಒಳ್ಳೆಯದಾಗಲಿ ಅಂತಲೇ. ಹೇಳಲೇಬಾರದಾ?

ವನಜಾ_ಟೀಚರ್

ಹೇಳುವ ಮೊದಲು ಒಂದು ಮಾತು ಕೇಳಿ ಸರ್, "ಒಂದು ವಿಷಯ ಓದಿದೆ, ಹೇಳಲಾ, ಇಲ್ಲ ಈಗ ಸಾಕಾಗಿದೆಯಾ?" ಬೇಡ ಅಂದರೆ ಅಲ್ಲಿಗೇ ಬಿಡಿ. ದಿನಕ್ಕೆ ಹತ್ತು ಜನ ಹತ್ತು ಔಷಧ ಹೇಳುತ್ತಾರೆ, ಪ್ರತಿಯೊಂದಕ್ಕೂ ಯಾಕೆ ಮಾಡುತ್ತಿಲ್ಲ ಅಂತ ಸಮಜಾಯಿಷಿ ಕೊಡಬೇಕು. ಅವರಿಗೆ ಅದೇ ಸಾಕಾಗಿರುತ್ತದೆ. ಮಗನಿಗೆ ಫೋನ್ ಮಾಡಿ, ಈ ಸಲ ಅವನು ಹೇಗಿದ್ದಾನೆ ಅಂತ ಮಾತ್ರ ಕೇಳಿ.

ಮಳೆಹನಿ

ಸಿಸ್ಟರ್, ಆರನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ, ಆರು ಸೈಕಲಿಗೂ. ಅವಳ ಗಂಡನಿಗೆ ಕಾರಿನ ವಿಷಯ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ "ನನಗೂ ಭಯ ಆಗ್ತಿದೆ" ಅಂದರು. ಅವರನ್ನು ಯಾರೂ ಕೇಳಿಯೇ ಇಲ್ಲ ಅನ್ನಿಸಿತು.

ಒಂದು ಬಗೆಹರಿದಿಲ್ಲ. ಅವಳ ಅಮ್ಮ ಇವತ್ತು ನನಗೇ ಫೋನ್ ಮಾಡಿದ್ದರು. "ಮಗಳ ಧ್ವನಿ ಸರಿ ಇಲ್ಲ, ನಿನಗೇನಾದ್ರೂ ಗೊತ್ತಾ ಪುಟ್ಟ?" ಅಂತ. "ನೀವೇ ಅವಳ ಹತ್ತಿರ ಮಾತಾಡಿ ಅಮ್ಮಾ" ಅಂದೆ. ಅದರಲ್ಲೇ ಅವರಿಗೆ ಏನೋ ಹೊಳೆದಿರಬೇಕು. ಈಗ ಅವಳಿಗೆ ಇದನ್ನು ಹೇಳಲಾ?

ನೈಟ್‌ಡ್ಯೂಟಿ

ಹೇಳಿ, ಇವತ್ತೇ ಹೇಳಿ. ಅಮ್ಮ ಫೋನ್ ಮಾಡಿದ್ದು, ನೀವು ಅಂದ ಮಾತು, ಹಾಗೇ ಹೇಳಿ. ಅಮ್ಮನಿಗೆ ತಿಳಿಸು ಅಂತ ಒತ್ತಾಯ ಮಾಡಬೇಡಿ. ಹೇಗೆ ಹೇಳುವುದು ಅಂತ ಅವಳಿಗೇ ಗೊತ್ತಾಗದೆ ತಡ ಮಾಡುತ್ತಿದ್ದರೆ, ಹೇಳುವಾಗ ಪಕ್ಕದಲ್ಲಿ ಕೂರಲಾ ಅಂತ ಕೇಳಬಹುದು.

ಬೇವಿನಮರ

ನಾನು ಇದನ್ನು ಒಪ್ಪುವುದಿಲ್ಲ ಸಿಸ್ಟರ್. ಕೀಮೋ ಶುರುವಾಗುವ ವಾರ ಇದು. ಅಮ್ಮನ ಚಿಂತೆಯನ್ನೂ ಈಗಲೇ ಅವಳ ತಲೆಗೆ ಹಾಕಬೇಕಾ? ಮೊದಲು ಗಂಡನ ಹತ್ತಿರ ಹೇಳಲಿ, ಅವಳಿಗೆ ಯಾವಾಗ ಹೇಳುವುದು ಅಂತ ಅವರಿಗೆ ಗೊತ್ತಿರುತ್ತದೆ.

ನೈಟ್‌ಡ್ಯೂಟಿ

ಅಮ್ಮ ಸಂಜೆಯೇ ಅವಳಿಗೆ ಫೋನ್ ಮಾಡಿ "ನಿನ್ನ ಗೆಳತಿ ಏನೋ ಮುಚ್ಚಿಡುತ್ತಿದ್ದಾಳೆ" ಅಂದುಬಿಟ್ಟರೆ? ನನಗೆ ಅದೇ ಯೋಚನೆ. ಆದರೆ ನೀವು ಆ ಜಾಗದಲ್ಲಿ ಇದ್ದವರು, ನಿಮ್ಮ ಮಾತನ್ನು ತಳ್ಳಿಹಾಕಲಾರೆ. ಮಳೆಹನಿ, ಅವಳನ್ನು ಬಲ್ಲವರು ನೀವು.

ಮಳೆಹನಿ

ಅವಳಿಗೇ ಮೆಸೇಜ್ ಮಾಡಿದೆ. "ಅಮ್ಮ ಫೋನ್ ಮಾಡಿದ್ರು. ನಾನು ಏನೂ ಹೇಳಿಲ್ಲ, ನಿನ್ನ ಹತ್ತಿರ ಮಾತಾಡಿ ಅಂದೆ. ನಿನಗೆ ಗೊತ್ತಿರ್ಲಿ ಅಂತ ಅಷ್ಟೇ. ಉತ್ತರ ಬರೀಬೇಕಂತಿಲ್ಲ." ಓದಿದ್ದಾಳೆ, ಇನ್ನೂ ಏನೂ ಬರೆದಿಲ್ಲ.